12.75 ಲಕ್ಷ ಯಾರಿಗೆ? ಮನೆಯ ಗುಂಪಿನಲ್ಲಿ ಬಜೆಟ್ ಚರ್ಚೆ

(2025ರ ಫೆಬ್ರವರಿ 1, ಶನಿವಾರ ಸಂಜೆ. ಚಿಕ್ಕಪ್ಪ ಗುಂಪಿಗೆ ಒಂದು ಚಿತ್ರ ಕಳಿಸಿದ್ದಾರೆ: “12.75 ಲಕ್ಷದವರೆಗೆ ಯಾರಿಗೂ ತೆರಿಗೆ ಇಲ್ಲ! ಬಾಡಿಗೆಗೆ 6 ಲಕ್ಷದವರೆಗೆ ವಿನಾಯಿತಿ!”)

ಚಿಕ್ಕಪ್ಪ: ನೋಡಿ, ಈ ಸಲ ನಮ್ಮ ಅಂಗಡಿಗೂ ತೆರಿಗೆ ಇಲ್ಲ. ಲಾಭ 12.60 ಲಕ್ಷದ ಹತ್ತಿರ ಇದೆ, ಪೂರ್ತಿ ಉಳಿಯಿತು.

ಸುಮಾ: ಚಿಕ್ಕಪ್ಪ, ಆ ಚಿತ್ರ ನಂಬಬೇಡಿ. ನಿಮಗೆ 12.75 ಲಕ್ಷ ಅನ್ವಯಿಸುವುದಿಲ್ಲ. 12 ಲಕ್ಷ ಅಷ್ಟೇ.

ಚಿಕ್ಕಪ್ಪ: ಟಿವಿಯಲ್ಲಿ ನಾನೇ ಕೇಳಿದ್ದೇನೆ ಪುಟ್ಟಿ. ನಿರ್ಮಲಾ ಸೀತಾರಾಮನ್ ಅವರೇ ಹೇಳಿದರು.

ಸುಮಾ: ಹೇಳಿದ್ದು ನಿಜ. ಆದರೆ ವಾಕ್ಯ ಪೂರ್ತಿ ಓದಬೇಕು. ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ತೆರಿಗೆ ಇಲ್ಲ ಎಂದರು. ಸಂಬಳದವರಿಗೆ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಇರುವುದರಿಂದ ಅವರಿಗೆ ಅದು 12.75 ಆಗುತ್ತದೆ ಎಂದರು. ಚಿತ್ರ ಮಾಡಿದವರು “ಸಂಬಳದವರಿಗೆ” ಎಂಬ ಮಾತನ್ನೇ ಬಿಟ್ಟಿದ್ದಾರೆ.

ನನ್ನ ಸಂಬಳವೂ 12.60 ಅಂತ ಇಟ್ಟುಕೊಳ್ಳಿ. 75,000 ಕಳೆದರೆ 11.85. ತೆರಿಗೆ ಸೊನ್ನೆ. ನಿಮ್ಮ 12.60 ಹಾಗೇ ನಿಲ್ಲುತ್ತದೆ. 12 ಲಕ್ಷದ ಮೇಲೆ 60,000 ಜಾಸ್ತಿ ಇದೆ. ಸ್ಲ್ಯಾಬ್ ಪ್ರಕಾರ ಪೂರ್ತಿ 12.60ಕ್ಕೆ 69,000 ತೆರಿಗೆ ಬರುತ್ತದೆ. 12 ಲಕ್ಷ ಸ್ವಲ್ಪ ದಾಟಿದವರಿಗೆ, ದಾಟಿದ ಮೊತ್ತಕ್ಕಿಂತ ಜಾಸ್ತಿ ತೆರಿಗೆ ಹಾಕುವಂತಿಲ್ಲ. ಹಾಗಾಗಿ 60,000, ಮೇಲೆ ಶೇ 4 ಸೆಸ್. ಒಟ್ಟು 62,400.

ಚಿಕ್ಕಪ್ಪ: ಇದು ಯಾವ ನ್ಯಾಯ? ಬೆಳಗ್ಗೆ ಆರಕ್ಕೆ ಶಟರ್ ಎತ್ತುವವನು ನಾನು. ಸಂಬಳದವರಿಗೆ ಮಾತ್ರ ಯಾಕೆ 75,000?

ಸುಮಾ: ನಿಮ್ಮ ಬೇಸರ ಅರ್ಥವಾಗುತ್ತದೆ. ಆದರೆ ನಿಮ್ಮ 12.60 ಬರುವುದಕ್ಕೆ ಮೊದಲೇ ಅಂಗಡಿ ಬಾಡಿಗೆ, ಹುಡುಗರ ಸಂಬಳ, ಕರೆಂಟ್ ಬಿಲ್, ಲಗೇಜ್ ಆಟೋ ಬಾಡಿಗೆ ಎಲ್ಲ ಕಳೆದಿದ್ದೀರಿ ಅಲ್ವಾ? ನಾನು ಕೆಲಸಕ್ಕೆ ಹೋಗುವ ಬಸ್ ಪಾಸು, ಮನೆಯಲ್ಲಿ ಕೂತು ಕೆಲಸ ಮಾಡಲು ಕೊಂಡ ಮೇಜು ಯಾವುದನ್ನೂ ಕಳೆಯುವ ಹಾಗಿಲ್ಲ. ಅದೆಲ್ಲದರ ಬದಲು ಒಂದೇ ಮೊತ್ತವಾಗಿ 75,000 ಬಿಡುತ್ತಾರೆ. ಅದೂ ಈ ಬಜೆಟ್‌ನಲ್ಲಿ ಬಂದದ್ದಲ್ಲ. ಹೊಸ ಪದ್ಧತಿಯಲ್ಲಿ 50,000 ಇದ್ದುದನ್ನು 2024ರ ಜುಲೈನಲ್ಲೇ 75,000 ಮಾಡಿದ್ದರು.

ದೊಡ್ಡಪ್ಪ: ಪೆನ್ಶನ್‌ಗೆ?

ಸುಮಾ: ನಿಮಗೂ 75,000 ಇದೆ ದೊಡ್ಡಪ್ಪ.

ಭಾವ: ಬಾಡಿಗೆ ವಿಷಯ ನಮಗೆ ತಾನೇ? ಬೆಂಗಳೂರಿನಲ್ಲಿ ತಿಂಗಳಿಗೆ 38,000 ಕಟ್ಟುತ್ತಿದ್ದೇವೆ. ವರ್ಷಕ್ಕೆ 4.56 ಲಕ್ಷ. 6 ಲಕ್ಷದ ಒಳಗೇ ಇದೆ.

ಸುಮಾ: ಇಲ್ಲ ಭಾವ, ಅದರಿಂದ ನಿಮಗೆ ಏನೂ ಬದಲಾಗುವುದಿಲ್ಲ. ಅದು ತೆರಿಗೆ ವಿನಾಯಿತಿಯೇ ಅಲ್ಲ. ಬಾಡಿಗೆ ಕೊಡುವವರು ಅದರಲ್ಲೇ ಸ್ವಲ್ಪ ತೆರಿಗೆ ಅಂತ ಹಿಡಿದು ಸರ್ಕಾರಕ್ಕೆ ಕಟ್ಟುತ್ತಾರಲ್ಲ, ಆ ಟಿಡಿಎಸ್ ಹಿಡಿಯಬೇಕಾದ ಮಿತಿ. ವರ್ಷಕ್ಕೆ 2.40 ಲಕ್ಷ ಇದ್ದದ್ದು 6 ಲಕ್ಷವಾಗಿದೆ. ಹಣಕಾಸು ಮಸೂದೆಯಲ್ಲಿ ಅದನ್ನೇ ತಿಂಗಳಿಗೆ 50,000 ಅಂತ ಬರೆದಿದ್ದಾರೆ. ಇದು 194-ಐ ಸೆಕ್ಷನ್. ಕಂಪನಿಗಳಿಗೆ, ಹಿಂದಿನ ವರ್ಷ 1 ಕೋಟಿಗಿಂತ ಜಾಸ್ತಿ ವಹಿವಾಟು ಮಾಡಿದ ವ್ಯಾಪಾರಿಗಳಿಗೆ ಇರುವಂಥದ್ದು. ನಿಮ್ಮಂಥ ಸಂಬಳದವರಿಗೆ 194-ಐಬಿ ಅಂತ ಬೇರೆಯೇ ಇದೆ. ಅದರ ಮಿತಿ ಮೊದಲಿಂದಲೂ ತಿಂಗಳಿಗೆ 50,000. 38,000ಕ್ಕೆ ನೀವು ಯಾವತ್ತೂ ಟಿಡಿಎಸ್ ಹಿಡಿಯಬೇಕಾಗಿರಲಿಲ್ಲ.

ಭಾಷಣದಲ್ಲಿ ಒಂದು ಸಾಲು ಬಂದಾಗ ನಾನು ಮೊದಲು ನೋಡುವುದು ಇದನ್ನೇ: ದರ ಬದಲಾಯಿತಾ, ಇಲ್ಲ ಯಾರೋ ಯಾರಿಂದಲೋ ಹಿಡಿಯುವ ಟಿಡಿಎಸ್ ಬದಲಾಯಿತಾ? ಹಿಡಿಯುವವರು ಯಾರು? ಟಿಡಿಎಸ್ ನಿಂತರೂ ಬಾಡಿಗೆ ಪಡೆಯುವವರು ಅದನ್ನು ಆದಾಯದಲ್ಲಿ ತೋರಿಸಲೇಬೇಕು. ದೊಡ್ಡಪ್ಪನ ಎಫ್‌ಡಿ ಬಡ್ಡಿಗೂ ಹಾಗೇ. ಹಿರಿಯರಿಗೆ ಟಿಡಿಎಸ್ ಮಿತಿ 50,000ದಿಂದ 1 ಲಕ್ಷವಾಗಿದೆ, ಬಡ್ಡಿ ತೆರಿಗೆಮುಕ್ತ ಆಗಿಲ್ಲ.

ಚಿಕ್ಕಪ್ಪ: ನಮ್ಮ ವಹಿವಾಟು ಹೋದ ವರ್ಷ 1.40 ಕೋಟಿ. ಅಂಗಡಿ ಬಾಡಿಗೆ 35,000. ತಿಂಗಳು ತಿಂಗಳು 3,500 ಹಿಡಿದು ಕಟ್ಟುತ್ತಿದ್ದೇನಲ್ಲ, ಹಾಗಾದರೆ ಅದು?

ಸುಮಾ: ಅದೇ ಚಿಕ್ಕಪ್ಪ! ಆ ಸಾಲು ನಿಮ್ಮದೇ. ಏಪ್ರಿಲ್‌ನಿಂದ ಆ 3,500 ಹಿಡಿಯುವ ಕೆಲಸ ನಿಮಗೆ ತಪ್ಪುತ್ತದೆ, ಮಾಲೀಕರಿಗೆ ಪೂರ್ತಿ 35,000 ಕೊಡಬಹುದು. ಭಾವ ತಮ್ಮದು ಅಂದುಕೊಂಡ ಬಾಡಿಗೆ ಸಾಲು ನಿಮ್ಮದು, ನೀವು ನಿಮ್ಮದು ಅಂದುಕೊಂಡ 12.75 ನನ್ನದು.

ಭಾವ: ಹಾಗಾದರೆ ಈ ಜುಲೈನಲ್ಲಿ ರಿಟರ್ನ್ ಹಾಕುವಾಗ 12.75 ಲೆಕ್ಕ?

ಸುಮಾ: ಅಲ್ಲ. ಅದು ಮಾರ್ಚ್‌ಗೆ ಮುಗಿಯುವ ವರ್ಷದ ರಿಟರ್ನ್, ಹಳೆಯ ಸ್ಲ್ಯಾಬ್. ಅಲ್ಲಿ ಮಿತಿ 7 ಲಕ್ಷ, ಸಂಬಳದವರಿಗೆ 7.75. ಹೊಸ ಸ್ಲ್ಯಾಬ್ ಏಪ್ರಿಲ್ 1ರಿಂದ ಬರುವ ಆದಾಯಕ್ಕೆ.

ಚಿಕ್ಕಪ್ಪ: ಸರಿ. ಮಾರ್ಚ್ ತನಕ 3,500 ಹಿಡಿಯುತ್ತೇನೆ. ಆ ಚಿತ್ರ ಅಂಗಡಿ ಬೀದಿಯ ಗುಂಪಿಗೂ ಹಾಕಿದ್ದೆ. ಈಗಲೇ ಅಳಿಸಿ, ನೀನು ಬರೆದ ಲೆಕ್ಕ ಕಳಿಸುತ್ತೇನೆ.