ಒಂದು ಗಂಟೆಯ ವಿಮಾನಕ್ಕೆ ಎಷ್ಟು ಗಂಟೆ?

ಭಾನುವಾರ ಬೆಳಗ್ಗೆ ನಮ್ಮ ಮನೆಯ ವಾಟ್ಸಾಪ್ ಗುಂಪಿಗೆ ಪ್ರದೀಪ ಭಾವ ಒಂದು ಚಿತ್ರ ಹಾಕಿದರು. ಅದರಲ್ಲಿ ಇದ್ದದ್ದು ಮೂರೇ ಸಾಲು. ಶಿವಮೊಗ್ಗದಿಂದ ಬೆಂಗಳೂರಿಗೆ ಬಸ್ 7 ಗಂಟೆ, ರೈಲು ನಾಲ್ಕೂವರೆ ಗಂಟೆ, ವಿಮಾನ 1 ಗಂಟೆ. ತೀರ್ಥಹಳ್ಳಿಯಲ್ಲಿರುವ ದೊಡ್ಡಪ್ಪ, ದೊಡ್ಡಮ್ಮ ಗುರುವಾರ 11 ಗಂಟೆಗೆ ಬೆಂಗಳೂರಿನ ಜಯನಗರದ ಆಸ್ಪತ್ರೆಯಲ್ಲಿ ಇರಬೇಕಿತ್ತು. ದೊಡ್ಡಮ್ಮನಿಗೆ ಮಂಡಿ ನೋವು. ಆ ಚಿತ್ರದ ಕೆಳಗೆ ನಡೆದ ಮಾತುಕತೆ ಇದು.

ಪ್ರದೀಪ ಭಾವ: ಮಾವ, ಇದನ್ನು ನೋಡಿ. ಅತ್ತೆಗೆ ಮಂಡಿ ನೋವು ಬೇರೆ. ಏಳೆಂಟು ಗಂಟೆ ಕೂರಿಸಿಕೊಂಡು ಬರಬೇಡಿ. ಶಿವಮೊಗ್ಗದ ಸೋಗಾನೆ ವಿಮಾನ ನಿಲ್ದಾಣದಿಂದ ವಿಮಾನ ಹತ್ತಿ, ಒಂದು ಗಂಟೆಯಲ್ಲಿ ಬೆಂಗಳೂರು. ಟಿಕೆಟ್ ನಾನೇ ಮಾಡಿಸ್ತೀನಿ.

ಸುಮಾ ಅತ್ತೆ: ಅಣ್ಣಯ್ಯ, ವಿಮಾನವೇ ಒಳ್ಳೇದು ಅನ್ಸುತ್ತೆ.

ದೊಡ್ಡಪ್ಪ: ಟಿಕೆಟ್ ದುಡ್ಡು ಬಿಡಿ, ಅದೇನೂ ದೊಡ್ಡದಲ್ಲ. ನಮ್ಮ ಮನೆ ಬಾಗಿಲಿನಿಂದ ಆಸ್ಪತ್ರೆ ಬಾಗಿಲಿಗೆ ಎಷ್ಟು ಹೊತ್ತು ಆಗುತ್ತೆ ಹೇಳಿ.

ನಾನು: ಭಾವ, ಆ ಚಿತ್ರದಲ್ಲಿ ಇರುವುದು ವಿಮಾನ ಗಾಳಿಯಲ್ಲಿರುವ ಹೊತ್ತು. ದೊಡ್ಡಪ್ಪನ ಮನೆ ಇರುವುದು ತೀರ್ಥಹಳ್ಳಿಯಲ್ಲಿ, ಆಸ್ಪತ್ರೆ ಇರುವುದು ಜಯನಗರದಲ್ಲಿ. ಬಾಗಿಲಿನಿಂದ ಬಾಗಿಲಿಗೆ ಲೆಕ್ಕ ಹಾಕೋಣ. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಅರವತ್ತು ಕಿಲೋಮೀಟರಿಗೆ ಸ್ವಲ್ಪ ಜಾಸ್ತಿ. ಮಂಡಗದ್ದೆ, ಸಕ್ರೆಬೈಲು, ಗಾಜನೂರು ದಾಟಿ ಕಾರಿನಲ್ಲಿ ಒಂದೂವರೆ ಗಂಟೆ. ಊರು ದಾಟಿ ಸೋಗಾನೆಗೆ ಇನ್ನು 20 ನಿಮಿಷ. ಚೆಕ್-ಇನ್ ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮೊದಲೇ ಮುಚ್ಚುತ್ತದೆ, ಆದ್ದರಿಂದ ಒಂದೂಕಾಲು ಗಂಟೆ ಮೊದಲು ಅಲ್ಲಿರಬೇಕು. ವಿಮಾನದ ಬಾಗಿಲು ಮುಚ್ಚಿದಾಗಿನಿಂದ ಬೆಂಗಳೂರಲ್ಲಿ ನಿಲ್ಲುವ ತನಕ 1 ಗಂಟೆ 10 ನಿಮಿಷ. ಇಳಿದು, ಬ್ಯಾಗ್ ತೆಗೆದುಕೊಂಡು ಹೊರಗೆ ಬರಲು 25 ನಿಮಿಷ. ದೇವನಹಳ್ಳಿ ಕಡೆಯಿಂದ ಜಯನಗರ ಅಂದರೆ ಇಡೀ ಊರನ್ನು ಉತ್ತರದಿಂದ ದಕ್ಷಿಣಕ್ಕೆ ದಾಟಬೇಕು. ಅದು ಒಂದೂಮುಕ್ಕಾಲು ಗಂಟೆ. ಮಳೆಗಾಲದಲ್ಲಿ ದಾರಿಯ ಮೇಲೆ ಮರ ಬಿದ್ದರೆ ಅಂತ 20 ನಿಮಿಷ ಕೈಯಲ್ಲಿ ಇಟ್ಟುಕೊಂಡರೆ ಒಟ್ಟು 6 ಗಂಟೆ 45 ನಿಮಿಷ.

ಪ್ರದೀಪ ಭಾವ: ಸರಿ, ಒಂದು ಗಂಟೆ ಅಂದದ್ದು ತಪ್ಪು. ಆದರೆ ಬಸ್ಸಿಗೂ ರೈಲಿಗೂ ಇದೇ ಅಳತೆ ಇಡಬೇಕು ಅಲ್ವಾ? ಅದನ್ನೂ ಹೇಳು.

ನಾನು: ಖಂಡಿತ ಹೇಳ್ತೀನಿ. ಮೊದಲು ಬಸ್. ತೀರ್ಥಹಳ್ಳಿಯಿಂದ ಬೆಂಗಳೂರಿಗೆ ರಾತ್ರಿ ನೇರ ಬಸ್ ಇದೆ. ನಿಲ್ದಾಣದಲ್ಲಿ ಕಾಯುವುದು ಕಾಲು ಗಂಟೆ, ಮೆಜೆಸ್ಟಿಕ್‌ಗೆ ಸುಮಾರು ಎಂಟೂಕಾಲು ಗಂಟೆ. ಅಲ್ಲಿಂದ ಹಸಿರು ಮಾರ್ಗದ ಮೆಟ್ರೊ ನೇರ ಜಯನಗರಕ್ಕೆ ಹೋಗುತ್ತದೆ. ನಡೆಯುವುದು, ಮೆಟ್ರೊ, ಆಟೊ ಎಲ್ಲ ಸೇರಿ ಮುಕ್ಕಾಲು ಗಂಟೆ. ಒಟ್ಟು ಒಂಬತ್ತೂಕಾಲು.

ರೈಲಿಗೆ ಮೊದಲು ಶಿವಮೊಗ್ಗಕ್ಕೆ ಬರಬೇಕು. ಬಸ್ಸಿಗೆ ಕಾಯುವುದೂ ಸೇರಿ 2 ಗಂಟೆ, ಸ್ಟ್ಯಾಂಡಿನಿಂದ ಸುಮಾ ಅತ್ತೆ ಮನೆಗೆ ಕಾಲು ಗಂಟೆ. ಬೆಳಗ್ಗೆ ಅತ್ತೆ ಮನೆಯಿಂದ ಸ್ಟೇಷನ್ನಿಗೆ ಕಾಲು ಗಂಟೆ, ಅಲ್ಲಿ ಅರ್ಧ ಗಂಟೆ ಕಾಯುವುದು. ಬೆಳಗಿನ ಜನಶತಾಬ್ದಿಯಲ್ಲಿ ಯಶವಂತಪುರಕ್ಕೆ ನಾಲ್ಕೂಕಾಲು ಗಂಟೆ. ಆಮೇಲೆ ಮೆಟ್ರೊ ಮುಕ್ಕಾಲು ಗಂಟೆ, ಆಟೊ ಕಾಲು ಗಂಟೆ. ಒಟ್ಟು ಎಂಟೂಕಾಲು.

ಪ್ರದೀಪ ಭಾವ: ನೋಡು, ನಿನ್ನ ಲೆಕ್ಕದಲ್ಲೇ ವಿಮಾನ ಮೊದಲು ಬಂತು! ರೈಲಿಗಿಂತ ಒಂದೂವರೆ ಗಂಟೆ ಉಳಿಯಿತು.

ನಾನು: ಹೌದು, ಅದನ್ನು ಮುಚ್ಚಿಡುವುದಿಲ್ಲ. ಕೂಡಿದರೆ ವಿಮಾನವೇ ಕಡಿಮೆ. ಆದರೆ ಒಂದು ಮತ್ತು ಏಳರ ನಡುವೆ ಇದ್ದ ಅಂತರ ಈಗ ಎರಡೂವರೆ ಗಂಟೆಗೆ ಇಳಿದಿದೆ. ಇಷ್ಟು ಹತ್ತಿರ ಬಂದಮೇಲೆ ಬರೀ ಗಂಟೆ ಕೂಡಿದರೆ ಸಾಲದು. ಎರಡು ಪ್ರಶ್ನೆ ಕೇಳಬೇಕು. ಅದು ಎಷ್ಟು ಹೊತ್ತಿಗೆ ಹೊರಡುತ್ತದೆ? ಅದು ತಪ್ಪಿದರೆ ಮುಂದಿನದು ಯಾವಾಗ?

ಸುಮಾ ಅತ್ತೆ: ಅದೇನು, ಸ್ವಲ್ಪ ಬಿಡಿಸಿ ಹೇಳು.

ನಾನು: ಅತ್ತೆ, ದೊಡ್ಡಪ್ಪ 11 ಗಂಟೆಗೆ ಜಯನಗರದಲ್ಲಿ ಇರಬೇಕು ಅಂದರೆ ವಿಮಾನ ಸೋಗಾನೆಯಿಂದ ಏಳೂವರೆ ಒಳಗೇ ಹೊರಡಬೇಕು. ಹಿಂದಕ್ಕೆ ಎಣಿಸಿ ನೋಡಿ. 11ರಲ್ಲಿ ಒಂದೂಮುಕ್ಕಾಲು ಕಳೆದರೆ 9:15, ಬ್ಯಾಗಿನ 25 ನಿಮಿಷ ಕಳೆದರೆ 8:50, ಹಾರಾಟ ಕಳೆದರೆ 7:40. ಅಷ್ಟು ಬೆಳಗ್ಗೆ ವಿಮಾನ ಇಲ್ಲದಿದ್ದರೆ ಹಿಂದಿನ ದಿನದ ವಿಮಾನ ಹತ್ತಬೇಕು. ಆಗ ಆರೂಮುಕ್ಕಾಲು ಗಂಟೆಯ ಪ್ರಯಾಣಕ್ಕೆ ಒಂದು ಇಡೀ ದಿನ ಸೇರಿಕೊಳ್ಳುತ್ತದೆ. ಸೋಗಾನೆಯಿಂದ ಬೆಂಗಳೂರಿಗೆ ವಿಮಾನ ಶುರುವಾದದ್ದು 31 ಆಗಸ್ಟ್ 2023ಕ್ಕೆ. ಆವತ್ತು ಅದು ಶಿವಮೊಗ್ಗ ಬಿಟ್ಟದ್ದು 11 ದಾಟಿದ ಮೇಲೆ. ವೇಳೆ ಬದಲಾಗುತ್ತಾ ಇರುತ್ತದೆ, ಹಾಗಾಗಿ ಚಿತ್ರ ಕಳಿಸುವ ಮೊದಲು ಆ ವಾರದ ವೇಳೆ ನೋಡಬೇಕು.

ಕಾವ್ಯ: ಅಣ್ಣ, ಹಾಗಾದ್ರೆ ರಾತ್ರಿ ಬಸ್ಸೇ ಸರಿ ಅಲ್ವಾ? ನೇರ ಬಸ್, ಎಲ್ಲೂ ಬದಲಾಯಿಸುವ ಕೆಲಸ ಇಲ್ಲ. ನಾನು ಯಾವಾಗಲೂ ಅದರಲ್ಲೇ ಬರೋದು. ನಿದ್ದೆಯಲ್ಲಿ ಕಳೆದ ಎಂಟು ಗಂಟೆಯನ್ನು ನಾನು ಲೆಕ್ಕಕ್ಕೇ ಹಿಡಿಯಲ್ಲ.

ನಾನು: ನಿನಗೆ ಅದು ಸರಿ. ಹಗಲು ಒಂದು ಗಂಟೆಯೂ ಹಾಳಾಗುವುದಿಲ್ಲ. ಒಂದು ಬಸ್ ತಪ್ಪಿದರೂ ಸ್ವಲ್ಪ ಹೊತ್ತಿಗೆ ಇನ್ನೊಂದು ಸಿಗುತ್ತದೆ, ಶಿವಮೊಗ್ಗದಿಂದಂತೂ ರಾತ್ರಿಯೆಲ್ಲ ಇದೆ. ಅದಕ್ಕೇ ಬಸ್ಸಿಗೆ ಕಾಲು ಗಂಟೆ ಮೊದಲು ಬಂದರೆ ಸಾಕು. ವಿಮಾನ ತಪ್ಪಿದರೆ ಮುಂದಿನದು ನಾಳೆ ಇರಬಹುದು. ಆ ಹೆದರಿಕೆಗೇ ನಾವು ಮನೆಯಿಂದ ಬೇಗ ಹೊರಡುವುದು. ಆದರೆ ದೊಡ್ಡಮ್ಮನಿಗೆ ಸ್ಲೀಪರ್ ಬಸ್ಸಿನ ಮೇಲಿನ ಬರ್ತ್ ಹತ್ತಲು ಆಗುವುದಿಲ್ಲ. ಕೆಳಗಿನದು ಸಿಕ್ಕರೂ ಬಸ್ ಊಟಕ್ಕೆ, ಟೀಗೆ ನಿಲ್ಲಿಸುವ ತನಕ ಶೌಚಾಲಯ ಇಲ್ಲ.

ದೊಡ್ಡಪ್ಪ: ಅದು ನಿಜ. ಹೋದ ಸಲ ಅವಳು ಸಂಜೆಯಿಂದ ನೀರೇ ಕುಡಿಯದೆ ಬಂದಿದ್ದಳು. ಬೆಳಗ್ಗೆ ತಲೆ ಸುತ್ತಿತು. ಬಸ್ ಬೇಡ.

ಪ್ರದೀಪ ಭಾವ: ಮಾವ, ಇದು ನನಗೆ ಗೊತ್ತಿರಲಿಲ್ಲ. ರಾತ್ರಿ ರೈಲು? ತಾಳಗುಪ್ಪದಿಂದ ಮೈಸೂರಿಗೆ ಹೋಗುವುದು ಇದೆಯಲ್ಲ, ರಾತ್ರಿ ಹನ್ನೊಂದರ ಸುಮಾರಿಗೆ ಶಿವಮೊಗ್ಗಕ್ಕೆ ಬರುತ್ತದೆ.

ನಾನು: ಅದರಲ್ಲಿ ಮಲಗಬಹುದು, ಶೌಚಾಲಯವೂ ಇದೆ. ಇಬ್ಬರೂ ಹಿರಿಯರಾದ್ದರಿಂದ ಟಿಕೆಟ್ ಮಾಡುವಾಗ ಹಿರಿಯರ ಕೋಟಾದಲ್ಲಿ ಕೆಳ ಬರ್ತ್ ಕೇಳಬಹುದು. ಆದರೆ ಬೆಂಗಳೂರಿಗೆ ಬರುವುದು ಬೆಳಗಿನ ಜಾವ. ಆ ರೈಲು ಮುಂದೆ ಮೈಸೂರಿಗೆ ಹೋಗುವುದರಿಂದ ನಾಲ್ಕು ಗಂಟೆಯಿಂದಲೇ ಎಚ್ಚರ ಇರಬೇಕು. 11 ಗಂಟೆಯ ಆಸ್ಪತ್ರೆಗೆ ಐದು ಗಂಟೆಗೆ ಬಂದು ಏನು ಮಾಡುವುದು? ನಮ್ಮ ಮನೆಗೆ ಬರಬಹುದು, ಆದರೆ ಅರ್ಧ ನಿದ್ದೆಯಲ್ಲಿ ಬಂದು ಡಾಕ್ಟರ ಮುಂದೆ ಕೂರುವುದು ಕಷ್ಟ.

ಪ್ರದೀಪ ಭಾವ: ಹಾಗಾದರೆ ವಿಮಾನ ಯಾರಿಗೂ ಬೇಡ ಅಂತೀಯಾ? ನಾನು ಯಲಹಂಕದಲ್ಲಿ ಇದ್ದೀನಿ. ಶಿವಮೊಗ್ಗ ವಿನೋಬನಗರದ ಸುಮಾ ಅತ್ತೆ ಮನೆಯಿಂದ ನಮ್ಮ ಮನೆಗೆ ಲೆಕ್ಕ ಹಾಕು.

ನಾನು: ಅಲ್ಲಿ ವಿಮಾನವೇ ಗೆಲ್ಲುತ್ತದೆ ಭಾವ, ಸಂಶಯ ಇಲ್ಲ. ಸೋಗಾನೆಗೆ 25 ನಿಮಿಷ, ಕಾಯುವುದು ಒಂದೂಕಾಲು ಗಂಟೆ, ಹಾರಾಟ 1 ಗಂಟೆ 10 ನಿಮಿಷ, ಹೊರಗೆ ಬರಲು 25, ನಿಮ್ಮ ಮನೆಗೆ ಅರ್ಧ ಗಂಟೆ. ಒಟ್ಟು ಮೂರೂಮುಕ್ಕಾಲು. ರೈಲಾದರೆ ಆರು ಗಂಟೆ ಹತ್ತಿರ. ಒಂದು ತುದಿಯಲ್ಲಿ ತೀರ್ಥಹಳ್ಳಿ, ಇನ್ನೊಂದು ತುದಿಯಲ್ಲಿ ಜಯನಗರ ಇಟ್ಟಿದ್ದಕ್ಕೆ ಮೂರು ಗಂಟೆ ಹೆಚ್ಚಾಯಿತು. ಆ ಮೂರು ಗಂಟೆ ಪೂರ್ತಿ ರಸ್ತೆ ಮೇಲೆ.

ಸುಮಾ ಅತ್ತೆ: ಹೋದ ಜುಲೈನಲ್ಲಿ ನೀನು ಬರಬೇಕಿದ್ದ ವಿಮಾನ ಏನಾಯಿತು ಅಂತ ಹೇಳು. ನಾನು ಅಡುಗೆ ಮಾಡಿ ಕಾಯ್ತಾ ಕೂತಿದ್ದೆ.

ನಾನು: ಹೌದು ಅತ್ತೆ. ಶಿವಮೊಗ್ಗದ ಮೇಲೆ ಬಂದು ಎರಡು ಸುತ್ತು ಹಾಕಿತು. ಮೋಡ ತುಂಬ ಕೆಳಗಿತ್ತು, ರನ್‌ವೇ ಕಾಣಿಸಲಿಲ್ಲ ಅಂತ ವಾಪಸ್ ಬೆಂಗಳೂರಿಗೆ ಹೋಯಿತು. ರಾತ್ರಿ ಬಸ್ ಹತ್ತಿ ಮರುದಿನ ಬೆಳಗ್ಗೆ ಬಂದೆ. ಭಾವ, ಮಳೆಗಾಲದಲ್ಲಿ ವಿಮಾನ ಹತ್ತುವವರು ಒಂದು ಕೆಲಸ ಮಾಡಬೇಕು. ಬೆಂಗಳೂರಿನಿಂದ ಬಂದ ವಿಮಾನವೇ ಸೋಗಾನೆಯಿಂದ ತಿರುಗಿ ಹೋಗುವುದಾದರೆ, ಮನೆ ಬಿಡುವ ಮೊದಲು ನಿಮ್ಮ ವಿಮಾನದ ಜೊತೆಗೆ ಆ ಬರುವ ವಿಮಾನವನ್ನೂ ನೋಡಬೇಕು. ಅದು ಬೆಂಗಳೂರು ಬಿಟ್ಟಿಲ್ಲ ಅಂದರೆ ನಿಮ್ಮದೂ ತಡ. ಕಂಪನಿಯ ಮೆಸೇಜ್ ಬರುವುದಕ್ಕೆ ಮೊದಲೇ ಇದರಿಂದ ಗೊತ್ತಾಗುತ್ತದೆ.

ಪ್ರದೀಪ ಭಾವ: ಇದು ಉಪಯೋಗದ ಮಾತು. ಆದರೆ ರೈಲೂ ತಡ ಆಗುತ್ತದೆ. 5:15ಕ್ಕೆ ಹೊರಟರೆ ಯಶವಂತಪುರಕ್ಕೆ ಒಂಬತ್ತೂವರೆ, ಆಸ್ಪತ್ರೆಗೆ ಹತ್ತೂವರೆ. ಕೈಯಲ್ಲಿ ಉಳಿಯುವುದು ಅರ್ಧ ಗಂಟೆ. ಬೀರೂರಿನ ತನಕ ಒಂದೇ ಹಳಿ. ಎದುರಿನಿಂದ ಬರುವ ರೈಲಿಗೆ ದಾರಿ ಬಿಡಲು ನಿಲ್ಲಿಸಿದರೆ ಆ ಅರ್ಧ ಗಂಟೆ ಹೋಯಿತು.

ನಾನು ಇದಕ್ಕೆ ಕೂಡಲೇ ಉತ್ತರ ಬರೆಯಲಿಲ್ಲ. ಭಾವ ಹೇಳಿದ್ದು ಸರಿಯಾಗಿತ್ತು. ನನ್ನ ಲೆಕ್ಕದಲ್ಲಿ ವಿಮಾನಕ್ಕೆ ಮರ ಬೀಳುವ 20 ನಿಮಿಷ ಸೇರಿಸಿದ್ದೆ, ರೈಲಿಗೆ ಏನನ್ನೂ ಸೇರಿಸಿರಲಿಲ್ಲ.

ನಾನು: ಒಪ್ಪಿದೆ ಭಾವ. ಅರ್ಧ ಗಂಟೆ ಕಡಿಮೆಯೇ. ದೊಡ್ಡಪ್ಪ, ಆಸ್ಪತ್ರೆಗೆ ಒಂದು ಫೋನ್ ಮಾಡಿ, 12 ಗಂಟೆಗೆ ಆಗುತ್ತದಾ ಕೇಳುತ್ತೀರಾ? ಆಗ ರೈಲು ಒಂದು ಗಂಟೆ ತಡ ಆದರೂ ಓಡಬೇಕಾಗಿಲ್ಲ.

ಕಾವ್ಯ: ದೊಡ್ಡಮ್ಮ ಮೆಟ್ರೊ ಮೆಟ್ಟಿಲು ಹತ್ತಬೇಕಾ?

ನಾನು: ಇಲ್ಲ, ಲಿಫ್ಟ್ ಇದೆ. ಯಶವಂತಪುರ ಅಂತ ಹೇಳಿದ್ದೇ ಅದಕ್ಕೆ. ಅಲ್ಲಿಂದ ಹತ್ತಿದರೆ ಜಯನಗರಕ್ಕೆ ಎಲ್ಲೂ ಮಾರ್ಗ ಬದಲಾಯಿಸಬೇಕಿಲ್ಲ. ಮೆಜೆಸ್ಟಿಕ್ ಸ್ಟೇಷನ್ನಿನ ತನಕ ಹೋದರೆ ರೈಲು ಕೆಲವೊಮ್ಮೆ ಪ್ಲಾಟ್‌ಫಾರ್ಮ್ ಸಿಗದೆ ಹೊರಗೆ ನಿಲ್ಲುತ್ತದೆ, ಅಲ್ಲಿಂದ ಮೆಟ್ರೊಗೆ ನಡಿಗೆಯೂ ಜಾಸ್ತಿ. ನಾನು ಯಶವಂತಪುರದ ಪ್ಲಾಟ್‌ಫಾರ್ಮಿನಲ್ಲೇ ಇರುತ್ತೇನೆ.

ಸುಮಾ ಅತ್ತೆ: ಅಣ್ಣಯ್ಯ, ಬುಧವಾರ ಮಧ್ಯಾಹ್ನದ ಬಸ್ಸಿಗೇ ಬನ್ನಿ. ಕತ್ತಲಾಗುವ ಮೊದಲು ಮನೆ ಸೇರಿ. ಬೆಳಗ್ಗೆ ನಾಲ್ಕೂವರೆಗೆ ಆಟೊದವನಿಗೆ ಹೇಳಿಡ್ತೀನಿ. ಫ್ಲಾಸ್ಕಿನಲ್ಲಿ ಕಾಫಿ, ಡಬ್ಬಿಯಲ್ಲಿ ಇಡ್ಲಿ ಹಾಕಿಕೊಡ್ತೀನಿ.

ಸಂಜೆ ಆರು ಗಂಟೆಗೆ ದೊಡ್ಡಪ್ಪನ ಮೆಸೇಜ್ ಬಂತು.

ದೊಡ್ಡಪ್ಪ: ಆಸ್ಪತ್ರೆಯವರು 12ಕ್ಕೆ ಒಪ್ಪಿದರು. ಜನಶತಾಬ್ದಿಯಲ್ಲಿ ಎರಡು ಸೀಟು ಮಾಡಿಸಿ. ಶೌಚಾಲಯಕ್ಕೆ ಹತ್ತಿರ ಸಿಕ್ಕರೆ ಒಳ್ಳೆಯದು. ಪ್ರದೀಪ, ವಾಪಸ್ ಬರುವಾಗ ಅವಸರ ಇಲ್ಲ. ಎರಡು ದಿನ ನಿಮ್ಮ ಮನೆಯಲ್ಲಿ ಇರ್ತೀವಿ. ಯಲಹಂಕದಿಂದ ವಿಮಾನ ಹತ್ತಿರ ಅಂತ ಲೆಕ್ಕ ಹಾಕಿದಿರಲ್ಲ, ಹಗಲು ಹೊತ್ತಿನದು ಇದ್ದರೆ ಅದರಲ್ಲೇ ಬರೋಣ. ಅವಳಿಗೂ ಒಂದು ಸಲ ತುಂಗೆಯನ್ನು ಮೇಲಿಂದ ನೋಡಬೇಕಂತೆ.

ಪ್ರದೀಪ ಭಾವ: ಆಯಿತು ಮಾವ. ಶನಿವಾರದ ವೇಳೆ ನೋಡಿ ಹಾಕ್ತೀನಿ. ಹೊರಡುವ ದಿನ ಸೋಗಾನೆಯಲ್ಲಿ ಮೋಡ ಹೇಗಿದೆ ಅಂತ ಸುಮಾ ಅತ್ತೆ ಬೆಳಗ್ಗೆಯೇ ಒಂದು ಫೋಟೊ ಕಳಿಸಲಿ.