ಸಹಾಯ ಬೇಕು: ಯಾವ ವಿಷಯ ಮೊದಲು ಓದಲಿ, ಈ ಲೆಕ್ಕ ಸರಿಯಾ?

ಎಲ್ಲರಿಗೂ ನಮಸ್ಕಾರ. ನಾನು ಕುಂಬಳೆ ಕಡೆಯವಳು, ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ. ಮಾದರಿ ಪರೀಕ್ಷೆಯಲ್ಲಿ ಗಣಿತಕ್ಕೆ 80ರಲ್ಲಿ 38, ಭೌತಶಾಸ್ತ್ರಕ್ಕೆ 40ರಲ್ಲಿ 18 ಬಂದಿದೆ.

ಮೊದಲು ಹೋದ ಅಂಕ ಮಾತ್ರ ನೋಡಿದೆ. ಗಣಿತದಲ್ಲೇ ಜಾಸ್ತಿ ಹೋಗಿತ್ತು, ಅದಕ್ಕೇ ಕೂತೆ. ವಾರ ಕಳೆದರೂ ಹೆಚ್ಚೇನೂ ಏರಲಿಲ್ಲ. ಈಗ ಸಿಗಬಹುದಾದ ಅಂಕವನ್ನು ಬೇಕಾಗುವ ಗಂಟೆಯಿಂದ ಭಾಗಿಸುತ್ತಿದ್ದೇನೆ. ಗಣಿತದಲ್ಲಿ 30 ಗಂಟೆಗೆ 12 ಅಂಕ, ಅಂದರೆ ಗಂಟೆಗೆ 0.4. ಭೌತಶಾಸ್ತ್ರದಲ್ಲಿ 12 ಗಂಟೆಗೆ 9, ಅಂದರೆ 0.75. ಹಾಗಾಗಿ ಭೌತಶಾಸ್ತ್ರ ಮೊದಲು. ಗಣಿತ 80ರ ಪತ್ರಿಕೆ ಅಂತ ಮತ್ತೆ ಗುಣಿಸಲಿಲ್ಲ. ಅಂಕದಲ್ಲೇ ಆ ತೂಕ ಸೇರಿದೆ ಅಲ್ವಾ?

ಈ 9 ಸುಮ್ನೆ ಊಹಿಸಿದ್ದಲ್ಲ. ಒಂದು ಪಾಠವನ್ನು 4 ಗಂಟೆ ಓದಿದೆ. ಎರಡು ದಿನ ಬಿಟ್ಟು, ಮೊದಲು ನೋಡದ ಹಳೆಯ ಪ್ರಶ್ನೆಪತ್ರಿಕೆಯಿಂದ ಆ ಪಾಠದ ಪ್ರಶ್ನೆಗಳಿಗೆ ಉತ್ತರ ಬರೆದೆ. 6ರಲ್ಲಿ 2 ಬರುತ್ತಿದ್ದದ್ದು 5 ಆಯ್ತು. ಅಂಥ ಪಾಠ ಇನ್ನೂ 3 ಇವೆ.

ಆದರೆ ಸುಲಭದ ಪಾಠ ಮುಗಿದ ಮೇಲೆ ಗಂಟೆಗೆ ಸಿಗುವ ಅಂಕ ಇಳಿಯುತ್ತದೆ. ಪ್ರತಿ ಪಾಠ ಆದ ಕೂಡಲೇ ಲೆಕ್ಕ ಮತ್ತೆ ಹಾಕಬೇಕಾ, ವಾರಕ್ಕೊಮ್ಮೆ ಸಾಕಾ? ಗಣಿತವನ್ನೂ ಒಂದೊಂದೇ ಪಾಠವಾಗಿ ಒಡೆದು ನೋಡಬೇಕಾ? ಇಲ್ಲಿರುವ ಮಾಷ್, ಟೀಚರ್ ಯಾರಾದರೂ ದಯವಿಟ್ಟು ಹೇಳಿ.