ಅಪ್‌ಡೇಟ್: ಸರಕು ಕೊಟ್ಟವರಿಗೆ ಬಾಕಿ ಬದಲು ಸ್ಟಾಕ್ ಕೊಟ್ಟಿದ್ದು ರಿಯಲೈಸೇಶನ್ ಖಾತೆಯಲ್ಲಿ

ನನ್ನ ಪ್ರಶ್ನೆ: "ಅಂಗಡಿ ಮುಚ್ಚುತ್ತಿದ್ದೇವೆ. ಸರಕು ಕೊಟ್ಟವರಿಗೆ 50,000 ಬಾಕಿ ಇತ್ತು. ಅವರು 40,000ದ ಸ್ಟಾಕನ್ನು 30,000ಕ್ಕೆ ತೆಗೆದುಕೊಂಡು, ಉಳಿದದ್ದನ್ನು ನಗದಾಗಿ ಕೇಳಿದರು. ಆ 30,000 ಎಲ್ಲಿ ಬರೆಯಬೇಕು?"

ಲೆಕ್ಕ ಮುಗಿಯಿತು. ಉತ್ತರ: ಎಲ್ಲೂ ಬೇಡ. ಸ್ಟಾಕ್ ಮತ್ತು ಬಾಕಿ ಎರಡೂ ಮೊದಲೇ ರಿಯಲೈಸೇಶನ್ ಖಾತೆಗೆ, ಅಂದರೆ ಅಂಗಡಿ ಮುಚ್ಚುವಾಗ ಆಸ್ತಿ ಮಾರಿ ಬಾಕಿ ತೀರಿಸಿದ್ದರ ಲಾಭ-ನಷ್ಟ ನೋಡುವ ಖಾತೆಗೆ, ಹೋಗಿರುತ್ತವಲ್ವಾ? ನಗದಾಗಿ ಕೊಟ್ಟ 20,000 ಮಾತ್ರ ಡೆಬಿಟ್.

ನಮ್ಮ ಖಾತೆಯ ಡೆಬಿಟ್‌ನಲ್ಲಿ ಯಂತ್ರ 80,000, ಸ್ಟಾಕ್ 40,000, ಗ್ರಾಹಕರ ಬಾಕಿ 30,000, ಈ 20,000, ಖರ್ಚು 2,000. ಒಟ್ಟು 1,72,000. ಕ್ರೆಡಿಟ್‌ನಲ್ಲಿ ಸರಕು ಕೊಟ್ಟವರ 50,000, ಯಂತ್ರ ಮಾರಿ ಬಂದ 70,000, ಗ್ರಾಹಕರಿಂದ ವಸೂಲಾದ 27,000. ಒಟ್ಟು 1,47,000. ನಷ್ಟ 25,000. 3:2ರಲ್ಲಿ ನನಗೆ 15,000, ಪಾಲುದಾರರಿಗೆ 10,000.

ನಾನು ಅಂಗಡಿಗೆ ಕೊಟ್ಟಿದ್ದ 10,000 ಸಾಲ ಈ ಖಾತೆಗೆ ಬರುವುದೇ ಇಲ್ಲ. 1932ರ ಪಾಲುದಾರಿಕೆ ಕಾಯ್ದೆಯ 48ನೇ ಸೆಕ್ಷನ್ ಪ್ರಕಾರ ಹೊರಗಿನವರ ಬಾಕಿ ಮೊದಲು, ಆಮೇಲೆ ಪಾಲುದಾರರ ಸಾಲ, ಕೊನೆಗೆ ಬಂಡವಾಳ. ನಾನೇ ಮೊದಲು ತೆಗೆದುಕೊಳ್ಳೋಣ ಅಂದರೆ ಆಗಲ್ಲ!

ಬ್ಯಾಂಕಿನಲ್ಲಿ ಮೊದಲಿದ್ದ 10,000ಕ್ಕೆ 97,000 ಸೇರಿತು. 20,000, 2,000, 10,000 ಹೋಗಿ 75,000 ಉಳಿಯಿತು. ಬಂಡವಾಳ 60,000 ಮತ್ತು 40,000ದಲ್ಲಿ ನಷ್ಟ ಕಳೆದರೆ 45,000 ಮತ್ತು 30,000. ಸರಿಹೋಯ್ತು. ಸುಮ್ನೆ ಆ 30,000ವನ್ನೂ ಕ್ರೆಡಿಟ್ ಮಾಡಿದ್ದರೆ 5,000 ಲಾಭ ಕಾಣುತ್ತಿತ್ತು, ಹಂಚಲು ಬ್ಯಾಂಕಿನಲ್ಲಿ ಅಷ್ಟೇ 30,000 ಕಡಿಮೆ ಬೀಳುತ್ತಿತ್ತು.